ಜೋತುಬಿದ್ದ ಅರ್ಧವೃತ್ತ, ಬಿಟ್ಟುಹೋದ ಆಯತ: ಗ್ರಾಫ್ ನೋಡಿ ನಿರ್ದಿಷ್ಟ ಅನುಕಲ ಕಂಡುಹಿಡಿಯುವುದು

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ, ಮಗಳು ಎಪಿ ಕ್ಯಾಲ್ಕುಲಸ್ ಓದುತ್ತಿದ್ದಾಳೆ. ನಾನು ಪಿಯುಸಿಯಲ್ಲಿ ಅನುಕಲನ ಕಲಿತದ್ದು ಸೂತ್ರ ಹಾಕಿ ಮಾಡುವುದನ್ನು. ಅವಳಿಗೆ ಸಮೀಕರಣವನ್ನೇ ಕೊಡದೆ ಬರೀ ಗ್ರಾಫ್ ಕೊಟ್ಟು ∫f(x)dx ಕೇಳುತ್ತಾರೆ. ಮೊನ್ನೆಯ ಗ್ರಾಫ್ ಹೀಗಿತ್ತು: (−6, 0)ಯಿಂದ (0, 0)ವರೆಗೆ x ಅಕ್ಷದ ಮೇಲೆ ಕೂತ ಅರ್ಧವೃತ್ತ, ಅಲ್ಲಿಂದ (3, −3)ಕ್ಕೆ ಇಳಿಯುವ ನೇರ ಗೆರೆ, (5, −3)ವರೆಗೆ ಅಡ್ಡಗೆರೆ, ಮತ್ತೆ (9, 1)ಕ್ಕೆ ಏರುವ ಗೆರೆ, ಕೊನೆಗೆ (9, 1)ರಿಂದ (13, 1)ವರೆಗೆ ಕೆಳಮುಖವಾಗಿ ಜೋತುಬಿದ್ದ ಅರ್ಧವೃತ್ತ. −6ರಿಂದ 13ವರೆಗೆ ಅನುಕಲ ಬೇಕು. ಮಗಳಿಗೆ 13π/2 + 15.5 ಬಂತು, ಉತ್ತರದ ಹಾಳೆಯಲ್ಲಿ 5π/2 − 21/2 ಇದೆ. ಎಲ್ಲಿ ತಪ್ಪಿದಳು? ಇಂಥದ್ದನ್ನು ಮಾಡುವ ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಮಗಳ ಉತ್ತರವನ್ನು ಸ್ವಲ್ಪ ಬಿಡಿಸಿ ನೋಡಿದರೆ ಅವಳು ಏನೇನು ಮಾಡಿದಳು ಎಂಬುದು ಅದರಲ್ಲೇ ಕಾಣುತ್ತದೆ. 13π/2 ಬಂದಿರುವುದು 9π/2 ಮತ್ತು 2π ಕೂಡಿಸಿ. ಮೊದಲನೆಯದು 3 ತ್ರಿಜ್ಯದ ಅರ್ಧವೃತ್ತದ ವಿಸ್ತೀರ್ಣ, ಎರಡನೆಯದು 2 ತ್ರಿಜ್ಯದ್ದು. 15.5 ಬಂದಿರುವುದು 4.5, 6, 4.5 ಮತ್ತು 0.5 ಕೂಡಿಸಿ. ಅಂದರೆ ಗ್ರಾಫನ್ನು ತುಂಡು ಮಾಡಿದ್ದು ಸರಿ, ತ್ರಿಜ್ಯಗಳನ್ನು ಓದಿದ್ದು ಸರಿ, ತ್ರಿಭುಜ ಆಯತಗಳ ವಿಸ್ತೀರ್ಣವೂ ಸರಿ. ಎರಡು ಕಡೆ ಮಾತ್ರ ಜಾರಿದ್ದಾಳೆ. ಅಕ್ಷದ ಕೆಳಗಿನ ತುಂಡುಗಳಿಗೆ ಋಣ ಚಿಹ್ನೆ ಹಾಕಿಲ್ಲ, ಮತ್ತು ಕೊನೆಯ ಅರ್ಧವೃತ್ತ x ಅಕ್ಷಕ್ಕೆ ಅಂಟಿಕೊಂಡಿದೆ ಎಂದು ಭಾವಿಸಿದ್ದಾಳೆ. ಇವೆರಡೂ ಬೇರೆ ಬೇರೆ ತಪ್ಪುಗಳು. ಮೊದಲನೆಯದನ್ನು ತಿದ್ದಿದ ಮಾತ್ರಕ್ಕೆ ಎರಡನೆಯದು ಸರಿಹೋಗುವುದಿಲ್ಲ, ಅದಕ್ಕೇ ಒಂದೊಂದಾಗಿ ನೋಡೋಣ.

ಚಿಹ್ನೆಯ ವಿಷಯ ಚಿಕ್ಕದು. ನಿರ್ದಿಷ್ಟ ಅನುಕಲ ಎಂದರೆ f(x) ಎಂಬ ಎತ್ತರವನ್ನು dx ಎಂಬ ಸಣ್ಣ ಅಗಲದಿಂದ ಗುಣಿಸಿ, ಎಡದಿಂದ ಬಲಕ್ಕೆ ಕೂಡಿಸುತ್ತಾ ಹೋಗುವುದು. ಗ್ರಾಫ್ ಅಕ್ಷದ ಕೆಳಗಿದ್ದಾಗ f(x)ನ ಬೆಲೆಯೇ ಋಣ, ಹಾಗಾಗಿ ಪ್ರತಿಯೊಂದು ಪಟ್ಟಿಯ ಗುಣಲಬ್ಧವೂ ಋಣ. ಜ್ಯಾಮಿತಿಯ ಸೂತ್ರಕ್ಕೆ ಈ ಸಂಗತಿ ಗೊತ್ತಿರುವುದಿಲ್ಲ. ½ × ಪಾದ × ಎತ್ತರ ಎಂಬುದು ತ್ರಿಭುಜ ಮೇಲಿದ್ದರೂ ಕೆಳಗಿದ್ದರೂ ಧನ ಸಂಖ್ಯೆಯನ್ನೇ ಕೊಡುತ್ತದೆ. ಚಿಹ್ನೆಯನ್ನು ನಾವೇ ಹಾಕಬೇಕು. ಮಕ್ಕಳು ಇದನ್ನು ಮರೆಯುವುದು ತಿಳಿಯದೆ ಅಲ್ಲ. ವಿಸ್ತೀರ್ಣಗಳನ್ನೆಲ್ಲ ಮೊದಲು ಲೆಕ್ಕ ಹಾಕಿ, ಕೊನೆಗೆ ಕೂಡಿಸುವ ಹೊತ್ತಿಗೆ ಯಾವುದು ಎಲ್ಲಿತ್ತೆಂಬುದು ತಲೆಯಿಂದ ಹೋಗಿರುತ್ತದೆ. ಆದ್ದರಿಂದ ಲೆಕ್ಕಕ್ಕೆ ಕೈಹಾಕುವ ಮೊದಲೇ ಗ್ರಾಫಿನ ಮೇಲೆ, ಪ್ರತಿ ತುಂಡಿನ ಒಳಗೆ, ಪೆನ್ಸಿಲಿನಲ್ಲಿ + ಅಥವಾ − ಬರೆದುಬಿಡಲಿ. ಆಮೇಲೆ ವಿಸ್ತೀರ್ಣವನ್ನು ಆ ಚಿಹ್ನೆಯ ಪಕ್ಕದಲ್ಲೇ ಬರೆಯಲಿ.

ಈಗ ಎಡದಿಂದ ಶುರು ಮಾಡೋಣ. −6ರಿಂದ 0ವರೆಗೆ ವ್ಯಾಸ 6, ತ್ರಿಜ್ಯ 3, ಗ್ರಾಫ್ ಅಕ್ಷದ ಮೇಲಿದೆ. ಆದ್ದರಿಂದ +½·π·9, ಅಂದರೆ +9π/2. ಇಲ್ಲಿ 6ನ್ನೇ ತ್ರಿಜ್ಯವೆಂದು ತೆಗೆದುಕೊಂಡು 18π ಬರೆಯುವವರೂ ಇದ್ದಾರೆ, ½ ಮರೆತು ಇಡೀ ವೃತ್ತದ 9π ಬರೆಯುವವರೂ ಇದ್ದಾರೆ. 0ಯಿಂದ 3ವರೆಗೆ ಪಾದ 3, ಆಳ 3 ಇರುವ ತ್ರಿಭುಜ, ಅಕ್ಷದ ಕೆಳಗಿದೆ: −4.5. 3ರಿಂದ 5ವರೆಗೆ ಅಗಲ 2, ಆಳ 3 ಇರುವ ಆಯತ: −6. ಇಷ್ಟರವರೆಗೆ ಯೋಚಿಸುವಂಥದ್ದೇನೂ ಇಲ್ಲ.

(5, −3)ರಿಂದ (9, 1)ಕ್ಕೆ ಏರುವ ಗೆರೆ ನಡುವೆ ಅಕ್ಷವನ್ನು ದಾಟುತ್ತದೆ. ಮಗಳು ಇದನ್ನು 8ರಲ್ಲಿ ಕತ್ತರಿಸಿ ಎರಡು ತ್ರಿಭುಜ ಮಾಡಿದ್ದಾಳೆ, ಅದು ಸರಿಯೇ: 5ರಿಂದ 8ವರೆಗೆ −4.5, 8ರಿಂದ 9ವರೆಗೆ +0.5, ಒಟ್ಟು −4. ಆದರೆ ಈ ಗೆರೆಯ ಇಳಿಜಾರು 1 ಆದದ್ದರಿಂದ ದಾಟುವ ಬಿಂದು ಚೊಕ್ಕವಾಗಿ 8ಕ್ಕೆ ಬಂತು. ಗೆರೆ (9, 2)ಕ್ಕೆ ಹೋಗಿದ್ದರೆ? ಆಗ ಅದು ದಾಟುವುದು 7.4ರಲ್ಲಿ. ಚಿತ್ರದಲ್ಲಿ ಅದು 7.5ರಂತೆ ಕಾಣುತ್ತದೆ, ಕಣ್ಣಳತೆಯಲ್ಲಿ 7.5 ಎಂದು ಓದಿದರೆ ಉತ್ತರ ಕೆಡುತ್ತದೆ. ನೇರ ಗೆರೆಗೆ ದಾಟುವ ಬಿಂದುವನ್ನು ಹುಡುಕುವ ಗೋಜೇ ಬೇಕಿಲ್ಲ. ಎರಡು ತುದಿಯ ಎತ್ತರಗಳನ್ನು ಚಿಹ್ನೆ ಸಮೇತ ಸರಾಸರಿ ಮಾಡಿ ಅಗಲದಿಂದ ಗುಣಿಸಿದರೆ ಸಾಕು. ನಿಮ್ಮ ಗ್ರಾಫಿನಲ್ಲಿ (−3 + 1)/2 × 4 = −4. (9, 2) ಆಗಿದ್ದರೆ (−3 + 2)/2 × 4 = −2. ಬೇಕಿದ್ದರೆ ಉದ್ದ ದಾರಿಯಲ್ಲಿ ತಾಳೆ ನೋಡಿ: ಕೆಳಗಿನ ತ್ರಿಭುಜ 2.4 × 3 ÷ 2 = 3.6, ಮೇಲಿನದು 1.6 × 2 ÷ 2 = 1.6, ವ್ಯತ್ಯಾಸ ಅದೇ −2.

ಇದು ತ್ರಾಪಿಜ್ಯದ ಸೂತ್ರವೇ, ಎತ್ತರಗಳಿಗೆ ಚಿಹ್ನೆ ಸೇರಿದೆ ಅಷ್ಟೆ. ಗೆರೆ ಅಕ್ಷವನ್ನು ದಾಟಿದರೂ ಇದು ಯಾಕೆ ಕೆಲಸ ಮಾಡುತ್ತದೆ ಎಂಬುದು ಮುಂದಿನ ಅರ್ಧವೃತ್ತವನ್ನು ನೋಡಿದಾಗ ತಾನಾಗಿಯೇ ತಿಳಿಯುತ್ತದೆ. ಆ ತುಂಡೇ ಈ ಲೆಕ್ಕದ ಜೀವಾಳ, ಅಲ್ಲಿ ಸ್ವಲ್ಪ ನಿಧಾನಿಸೋಣ.

ಕೊನೆಯ ತುಂಡಿನ ವ್ಯಾಸ 9ರಿಂದ 13ವರೆಗೆ, ತ್ರಿಜ್ಯ 2, ಕೇಂದ್ರ (11, 1). ವ್ಯಾಸ ಇರುವುದು y = 1 ಎಂಬ ಗೆರೆಯ ಮೇಲೆ, x ಅಕ್ಷದ ಮೇಲಲ್ಲ. ಕಮಾನು ಅಲ್ಲಿಂದ ಕೆಳಕ್ಕೆ ಜೋತುಬಿದ್ದು (11, −1)ವರೆಗೆ ಇಳಿದು ಮತ್ತೆ (13, 1)ಕ್ಕೆ ಏರುತ್ತದೆ. ಮಗಳು ಇಲ್ಲಿ 2π ಬರೆದಳು. 2π ಈ ಅರ್ಧವೃತ್ತದ ವಿಸ್ತೀರ್ಣ ಹೌದು, ಆದರೆ ಅದು y = 1 ಗೆರೆಗೂ ಕಮಾನಿಗೂ ನಡುವೆ ಇರುವ ಜಾಗ. ಅನುಕಲ ಕೇಳುವುದು y = 0ಗೂ ಕಮಾನಿಗೂ ನಡುವಿನದನ್ನು, ಚಿಹ್ನೆ ಸಮೇತ. ಬರೀ ಚಿಹ್ನೆ ತಿದ್ದಿ −2π ಎಂದು ಬರೆದಿದ್ದರೂ ತಪ್ಪಾಗುತ್ತಿತ್ತು.

ಇಂಥ ಕಡೆ ಗ್ರಾಫಿನ ಎತ್ತರವನ್ನು ಎರಡು ಭಾಗವಾಗಿ ನೋಡಬೇಕು. x = 10ರಲ್ಲಿ ಕಮಾನಿನ ಎತ್ತರ ಎಷ್ಟು? ಮೊದಲು y = 1ವರೆಗೆ ಹತ್ತಿ, ಅಲ್ಲಿಂದ √(4 − 1), ಅಂದರೆ ಸುಮಾರು 1.73 ಕೆಳಗಿಳಿಯಬೇಕು. ಹಾಗಾಗಿ f(10) = 1 − 1.73 = −0.73. ಯಾವ x ತೆಗೆದುಕೊಂಡರೂ ಇದೇ ಕತೆ: ಎತ್ತರ = 1 − (y = 1ರಿಂದ ಕಮಾನು ಇಳಿದಷ್ಟು ಆಳ). 1 ಎಂಬುದನ್ನು 9ರಿಂದ 13ವರೆಗೆ ಕೂಡಿಸುತ್ತಾ ಹೋದರೆ 4 × 1 ಆಯತ ಸಿಗುತ್ತದೆ. ಆಳವನ್ನು ಕೂಡಿಸುತ್ತಾ ಹೋದರೆ ಅರ್ಧವೃತ್ತದ 2π ಸಿಗುತ್ತದೆ. ಎರಡನ್ನೂ ಸೇರಿಸಿದರೆ

∫f(x)dx, 9ರಿಂದ 13ವರೆಗೆ = 4 − 2π ≈ −2.28.

ಮಗಳ ಲೆಕ್ಕದಲ್ಲಿ ಬಿಟ್ಟುಹೋದದ್ದು ಈ 4ರ ಆಯತ. ಕಮಾನು ಅಕ್ಷವನ್ನು ಎರಡು ಕಡೆ ದಾಟುತ್ತದೆ, ಆದರೂ ದಾಟುವ ಬಿಂದುಗಳನ್ನು ನಾವು ಎಲ್ಲೂ ಕಂಡುಹಿಡಿಯಲಿಲ್ಲ ಎಂಬುದನ್ನು ಗಮನಿಸಿ. ಆಯತ ಮೈನಸ್ ಅರ್ಧವೃತ್ತ ಎಂಬ ವ್ಯವಕಲನವೇ ಮೇಲಿನ ಚೂರುಗಳನ್ನು ಧನವಾಗಿಯೂ ಕೆಳಗಿನ ಹೊಟ್ಟೆಯನ್ನು ಋಣವಾಗಿಯೂ ಎಣಿಸಿಬಿಟ್ಟಿದೆ. ಏರುವ ಗೆರೆಯ ಸರಾಸರಿ ಲೆಕ್ಕ ನಡೆದದ್ದೂ ಇದೇ ಕಾರಣದಿಂದ: ಅಲ್ಲಿ −3 ಎಂಬ ಮಟ್ಟವನ್ನು ಆಧಾರವಾಗಿಟ್ಟುಕೊಂಡರೆ −12ರ ಆಯತ, ಅದರ ಮೇಲೆ ಪಾದ 4, ಎತ್ತರ 4 ಇರುವ +8ರ ತ್ರಿಭುಜ, ಕೂಡಿದರೆ −4.

ಇದನ್ನೇ ಒಂದು ನಿಯಮವಾಗಿ ಹೇಳಬಹುದು. ಆಕೃತಿ ಯಾವ ಅಡ್ಡಗೆರೆಯ ಮೇಲೆ ಕೂತಿದೆಯೋ ಅಥವಾ ಯಾವುದರಿಂದ ಜೋತುಬಿದ್ದಿದೆಯೋ ಆ y = c ಗೆರೆಯನ್ನು ಗುರುತಿಸಿ. c × ಅಗಲ ಎಂದು ಆಯತವನ್ನು ಚಿಹ್ನೆ ಸಮೇತ ಬರೆಯಿರಿ. ಆಕೃತಿ ಆ ಗೆರೆಯ ಮೇಲಕ್ಕಿದ್ದರೆ ಅದರ ವಿಸ್ತೀರ್ಣ ಕೂಡಿಸಿ, ಕೆಳಕ್ಕಿದ್ದರೆ ಕಳೆಯಿರಿ. y = 1ರ ಮೇಲೆ ಕೂತ ಗುಮ್ಮಟವಾಗಿದ್ದರೆ 4 + 2π. y = −3ರ ಮೇಲೆ ಕೂತ ಅದೇ ಗುಮ್ಮಟವಾಗಿದ್ದರೆ −12 + 2π. y = −3ರಿಂದ ಜೋತುಬಿದ್ದಿದ್ದರೆ −12 − 2π. c ಸೊನ್ನೆಯಾದಾಗ ಆಯತ ಮಾಯವಾಗುತ್ತದೆ. ಮೊದಲ ಅರ್ಧವೃತ್ತಕ್ಕೆ ಆಯತ ಬೇಕಾಗದೆ ಹೋದದ್ದು ಅದಕ್ಕೇ. ಮಕ್ಕಳು ಮೊದಲು ಕಲಿಯುವುದು ಅಕ್ಷದ ಮೇಲೆ ಕೂತ ಅರ್ಧವೃತ್ತವನ್ನಾದ್ದರಿಂದ, ಅರ್ಧವೃತ್ತ ಕಂಡ ಕೂಡಲೇ ½πr² ಬರೆಯುವುದು ಕೈಗೆ ರೂಢಿಯಾಗಿಬಿಡುತ್ತದೆ.

ಎಲ್ಲವನ್ನೂ ಈಗ ಒಟ್ಟುಗೂಡಿಸಿ:

9π/2 − 4.5 − 6 − 4 + (4 − 2π) = 5π/2 − 10.5.

ಉತ್ತರದ ಹಾಳೆಯದ್ದೂ ಇದೇ, ಸುಮಾರು −2.65.

ಹಾಳೆಯನ್ನು ನೋಡದೆಯೇ ಮಗಳು ತನ್ನ ತಪ್ಪನ್ನು ಹಿಡಿಯಬಹುದಿತ್ತು. ಕೊನೆಯ ತುಂಡಿನಲ್ಲಿ ಗ್ರಾಫ್ ಎಲ್ಲೂ 1ಕ್ಕಿಂತ ಮೇಲೆ ಹೋಗುವುದಿಲ್ಲ, −1ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಗಲ 4. ಹಾಗಾದರೆ ಆ ತುಂಡಿನ ಅನುಕಲ −4 ಮತ್ತು 4ರ ನಡುವೆಯೇ ಇರಬೇಕು. 2π ಸುಮಾರು 6.28, ಅದು ಆ ಮಿತಿಯೊಳಗೆ ಹಿಡಿಯುವುದೇ ಇಲ್ಲ. ಪ್ರತಿ ತುಂಡಿಗೂ ಅತಿ ಹೆಚ್ಚು ಎತ್ತರ × ಅಗಲ, ಅತಿ ಕಡಿಮೆ ಎತ್ತರ × ಅಗಲ ಎಂಬ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ಉತ್ತರ ಅವುಗಳ ನಡುವೆ ಬಿದ್ದಿದೆಯೇ ಎಂದು ನೋಡಲು ಐದು ಸೆಕೆಂಡೂ ಬೇಡ. ತ್ರಿಜ್ಯದ ಬದಲು ವ್ಯಾಸ ಹಾಕಿದ ತಪ್ಪೂ ಇದರಲ್ಲಿ ಸಿಕ್ಕಿಬೀಳುತ್ತದೆ: ಮೊದಲ ಅರ್ಧವೃತ್ತ 6 × 3ರ ಆಯತದೊಳಗೆ ಕೂರುತ್ತದೆ, ಅದರ ವಿಸ್ತೀರ್ಣ 18 ಮೀರುವಂತಿಲ್ಲ, 18π ಎಂದರೆ 56 ದಾಟಿತು. 9π ಕೂಡ 28 ದಾಟುತ್ತದೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡಬೇಕು, ಯಾಕೆಂದರೆ ನಮ್ಮ ಪಿಯುಸಿ ಪಠ್ಯದಲ್ಲಿ ಓದಿದವರಿಗೆ ಇದು ಹೆಚ್ಚು ಕಾಡುತ್ತದೆ. ಅಲ್ಲಿ ಅನುಕಲನದ ಅಧ್ಯಾಯ ಮುಗಿದ ಮೇಲೆ ವಕ್ರರೇಖೆಗಳು ಸುತ್ತುವರಿದ ವಿಸ್ತೀರ್ಣ ಕಂಡುಹಿಡಿಯುವ ಅಧ್ಯಾಯ ಬರುತ್ತದೆ. ಅಲ್ಲಿ ಅಕ್ಷದ ಕೆಳಗಿನ ಭಾಗವನ್ನೂ ಧನವಾಗಿಯೇ ಎಣಿಸುತ್ತೇವೆ, ಏಕೆಂದರೆ ಕೇಳಿರುವುದು ವಿಸ್ತೀರ್ಣ. ∫f(x)dx ಎಂದು ಕೇಳಿದರೆ ಚಿಹ್ನೆ ಉಳಿಯುತ್ತದೆ. ‘ಗ್ರಾಫ್ ಮತ್ತು x ಅಕ್ಷದ ನಡುವಿನ ಒಟ್ಟು ವಿಸ್ತೀರ್ಣ’ ಎಂದೋ ∫|f(x)|dx ಎಂದೋ ಕೇಳಿದರೆ ಎಲ್ಲವೂ ಧನ. ನೀವು ಮಗಳಿಗೆ ಹೇಳಿಕೊಡುವಾಗ ಹಳೆಯ ರೂಢಿಯಲ್ಲಿ ‘ವಿಸ್ತೀರ್ಣ ಯಾವತ್ತೂ ಋಣ ಆಗಲ್ಲಮ್ಮ’ ಎಂದಿದ್ದರೆ ಅವಳು ಎಲ್ಲವನ್ನೂ ಕೂಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮಾತು ನಿಜವೇ, ಆದರೆ ಅನುಕಲ ಎಂದರೆ ಬರೀ ವಿಸ್ತೀರ್ಣವಲ್ಲ. ಪಿಯುಸಿ ಪುಸ್ತಕದಲ್ಲೇ y = |x + 3| ಗ್ರಾಫ್ ಎಳೆದು −6ರಿಂದ 0ವರೆಗಿನ ಅನುಕಲ ಕಂಡುಹಿಡಿಯುವ ಲೆಕ್ಕವೊಂದಿದೆ. ಅದು 4.5ರ ಎರಡು ತ್ರಿಭುಜ, ಉತ್ತರ 9. ಅಲ್ಲಿ ಗ್ರಾಫ್ ಅಕ್ಷದ ಕೆಳಗೆ ಇಳಿಯುವುದೇ ಇಲ್ಲವಾದ್ದರಿಂದ ಅನುಕಲ, ವಿಸ್ತೀರ್ಣ ಎರಡೂ ಒಂದೇ. ಅದೇ ಲೆಕ್ಕವನ್ನು ಕಂಬಿಗಳಿಲ್ಲದೆ x + 3 ಎಂದು ಮಾಡಿ ನೋಡಿದರೆ ಒಂದು ತ್ರಿಭುಜ ಕೆಳಕ್ಕೆ ಮಗುಚುತ್ತದೆ, ಉತ್ತರ 0.

ಜೋತುಬಿದ್ದ ಅರ್ಧವೃತ್ತಕ್ಕೆ ಒಟ್ಟು ವಿಸ್ತೀರ್ಣವನ್ನೇ ಕೇಳಿದರೆ ಕೆಲಸ ಹೆಚ್ಚುತ್ತದೆ, ಆಯತದ ಉಪಾಯ ಅಲ್ಲಿ ಸಾಲದು. ಕಮಾನು ಅಕ್ಷವನ್ನು ದಾಟುವುದು 11 ± √3ರಲ್ಲಿ. ಕೆಳಗೆ ಇಳಿದಿರುವ ಹೊಟ್ಟೆ ಒಂದು ವೃತ್ತಖಂಡ. ಕೇಂದ್ರದಿಂದ ಅಕ್ಷಕ್ಕೆ ದೂರ 1, ತ್ರಿಜ್ಯ 2 ಆದ್ದರಿಂದ ಕೇಂದ್ರದಲ್ಲಿ 120° ಕೋನ. ಅದರ ವಿಸ್ತೀರ್ಣ 4π/3 − √3, ಸುಮಾರು 2.46. ಮೇಲೆ ಎರಡು ಬದಿಯಲ್ಲಿ ಉಳಿಯುವ ಚೂರುಗಳು ಸೇರಿ ಸುಮಾರು 0.17. ಚೂರುಗಳಿಂದ ಹೊಟ್ಟೆಯನ್ನು ಕಳೆದರೆ ಮತ್ತೆ −2.28 ಬರುತ್ತದೆ, ಅಲ್ಲಿಗೆ ಮೇಲಿನ ಲೆಕ್ಕಕ್ಕೂ ತಾಳೆ ಸಿಕ್ಕಿತು.

ಇಷ್ಟೆಲ್ಲ ಮಾಡಿದ್ದು ಕಮಾನು ನಿಜಕ್ಕೂ ಅರ್ಧವೃತ್ತವೇ ಎಂಬ ನಂಬಿಕೆಯ ಮೇಲೆ. ಪ್ರಶ್ನೆಯಲ್ಲಿ ‘ಅರ್ಧವೃತ್ತ’ ಎಂದು ಹೇಳಿದ್ದರೆ ಚಿಂತೆಯಿಲ್ಲ. ಹೇಳದೆ ಇದ್ದರೆ ಎರಡು ಸಂಗತಿ ನೋಡಬೇಕು. ಮೊದಲನೆಯದು, ಎತ್ತರ ಅಗಲದ ಅರ್ಧ ಇದೆಯೇ ಎಂಬುದು, ಅದೂ ಅಕ್ಷದ ಮೇಲಿನ ಅಂಕಿಗಳಲ್ಲಿ, ಕಾಗದದ ಮೇಲಿನ ಸೆಂಟಿಮೀಟರಿನಲ್ಲಿ ಅಲ್ಲ. x ಅಕ್ಷದಲ್ಲಿ ಒಂದು ಚೌಕಕ್ಕೆ 1, y ಅಕ್ಷದಲ್ಲಿ ಒಂದು ಚೌಕಕ್ಕೆ 2 ಎಂದು ಅಳತೆ ಇಟ್ಟಿದ್ದರೆ, ಕಣ್ಣಿಗೆ ಗುಂಡಗೆ ಕಾಣುವ 6 ಚೌಕ ಅಗಲ, 3 ಚೌಕ ಎತ್ತರದ ಕಮಾನಿನ ನಿಜವಾದ ಎತ್ತರ 6. ಅದು ಅರ್ಧ ದೀರ್ಘವೃತ್ತ, ಅದರ ವಿಸ್ತೀರ್ಣ ½ × π × 3 × 6 = 9π. ಅರ್ಧವೃತ್ತವೆಂದು 9π/2 ಬರೆದರೆ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ. ವೇಗ–ಕಾಲದ ಗ್ರಾಫಿನಲ್ಲಿ ಇದು ಇನ್ನೂ ಮುಖ್ಯ. ಅಡ್ಡಕ್ಕೆ ಸೆಕೆಂಡು, ಉದ್ದಕ್ಕೆ ಮೀಟರ್ ಪ್ರತಿ ಸೆಕೆಂಡು ಇರುವಾಗ ‘ತ್ರಿಜ್ಯ’ ಎಂಬುದಕ್ಕೆ ಒಂದು ಏಕಮಾನವೇ ಇರುವುದಿಲ್ಲ. ಅಲ್ಲಿ ½ × π × (ಅರ್ಧ ಅಗಲ) × (ಎತ್ತರ) ಎಂದೇ ಬರೆಯುವುದು ಕ್ಷೇಮ. ಸೆಕೆಂಡನ್ನು ಮೀಟರ್ ಪ್ರತಿ ಸೆಕೆಂಡಿನಿಂದ ಗುಣಿಸಿ ಉತ್ತರ ಮೀಟರಿನಲ್ಲಿ ಬರುತ್ತದೆ. ಎರಡು ಅಂಕಿಗಳೂ ಸಮವಾದಾಗ ಇದೇ ಸೂತ್ರ ½πr² ಆಗುತ್ತದೆ.

ಎರಡನೆಯದು, ಎತ್ತರ ಅಗಲದ ಅರ್ಧವಿದ್ದ ಮಾತ್ರಕ್ಕೆ ಅರ್ಧವೃತ್ತವಾಗಲಿಲ್ಲ, ಪರವಲಯವೂ ಹಾಗೇ ಇರಬಹುದು. ನಡುವಿನ ಒಂದು ಬಿಂದುವನ್ನು ಓದಿದರೆ ತಿಳಿಯುತ್ತದೆ. ಮಗಳ ಮೊದಲ ಕಮಾನಿನ ಕೇಂದ್ರ (−3, 0). x = −1ರಲ್ಲಿ ವೃತ್ತದ ಎತ್ತರ √(9 − 4) = √5, ಸುಮಾರು 2.24 ಇರಬೇಕು. ಅದೇ ಅಗಲ, ಅದೇ ಎತ್ತರದ ಪರವಲಯವಾಗಿದ್ದರೆ ಅಲ್ಲಿ 1.67 ಮಾತ್ರ ಇರುತ್ತಿತ್ತು, ವಿಸ್ತೀರ್ಣವೂ 14.14ರ ಬದಲು 12. ತುದಿಗಳನ್ನು ನೋಡಿದರೂ ಗೊತ್ತಾಗುತ್ತದೆ: ಅರ್ಧವೃತ್ತ ತನ್ನ ವ್ಯಾಸದ ಗೆರೆಯಿಂದ ಗೋಡೆಯಂತೆ ನೆಟ್ಟಗೆ ಏಳುತ್ತದೆ, ಪರವಲಯ ಓರೆಯಾಗಿ ಏಳುತ್ತದೆ.

ಮಿತಿಗಳು ಆಕೃತಿಯ ನಡುವೆ ಬಿದ್ದಾಗ ಏನು ಮಾಡುವುದು ಎಂಬುದನ್ನೂ ಇದೇ ಗ್ರಾಫಿನಲ್ಲಿ ನೋಡಬಹುದು. −3ರಿಂದ 4ವರೆಗೆ ಕೇಳಿದರೆ ಮೊದಲ ಮಿತಿ ಕೇಂದ್ರದ ಮೇಲೇ ಬಿದ್ದಿದೆ, ಕಾಲು ವೃತ್ತ ಸಿಗುತ್ತದೆ: 9π/4 − 4.5 − 3 = 9π/4 − 7.5. ಕೊನೆಯಲ್ಲಿ ಆಯತದ ಅರ್ಧ ಮಾತ್ರ ಬರುವುದರಿಂದ 6ರ ಬದಲು 3. ಆದರೆ −3ರಿಂದ −1.5ವರೆಗೆ ಕೇಳಿದರೆ? ಅಗಲ ತ್ರಿಜ್ಯದ ಅರ್ಧವಾದ್ದರಿಂದ ಕಾಲು ವೃತ್ತದ ಅರ್ಧ, 9π/8 ಎಂದು ಬರೆಯುವವರಿದ್ದಾರೆ. ಅದು ಸುಮಾರು 3.53. ಆ ಭಾಗದಲ್ಲಿ ಕಮಾನಿನ ಎತ್ತರ ಎಲ್ಲೂ 2.59ಕ್ಕಿಂತ ಕೆಳಗಿಲ್ಲ, ಅಗಲ 1.5, ಹಾಗಾಗಿ ಉತ್ತರ 3.88ಕ್ಕಿಂತ ಹೆಚ್ಚೇ ಇರಬೇಕು. ಮತ್ತೆ ಅದೇ ಮಿತಿ ಪರೀಕ್ಷೆ ತಪ್ಪನ್ನು ತೋರಿಸಿಕೊಟ್ಟಿತು.

ಸರಿಯಾದ ದಾರಿ ಎಂದರೆ ಕೇಂದ್ರದಿಂದ ಕಮಾನಿನ ಮೇಲೆ x = −1.5 ಇರುವ ಬಿಂದುವಿಗೆ ಒಂದು ತ್ರಿಜ್ಯ ಎಳೆಯುವುದು. ಆ ಗೆರೆ ಪ್ರದೇಶವನ್ನು ಎರಡು ಮಾಡುತ್ತದೆ, ಮೇಲೆ ತ್ರಿಜ್ಯಾಂತರ ಖಂಡ, ಕೆಳಗೆ ಲಂಬಕೋನ ತ್ರಿಭುಜ. ನೆಟ್ಟಗಿನ ತ್ರಿಜ್ಯಕ್ಕೂ ಈ ತ್ರಿಜ್ಯಕ್ಕೂ ನಡುವಿನ ಕೋನದ ಸೈನ್ 1.5/3 = ½, ಅಂದರೆ ಕೋನ 30° ಅಥವಾ π/6. ಖಂಡದ ವಿಸ್ತೀರ್ಣ ½ × 9 × π/6 = 3π/4. ತ್ರಿಭುಜದ ಪಾದ 1.5, ಎತ್ತರ 3√3/2, ವಿಸ್ತೀರ್ಣ 9√3/8. ಎರಡೂ ಸೇರಿ ಸುಮಾರು 4.30. ಕತ್ತರಿಸುವ ಜಾಗ ತ್ರಿಜ್ಯದ ಅರ್ಧದಲ್ಲೋ, √2ರಿಂದ ಭಾಗಿಸಿದಲ್ಲೋ ಇದ್ದರೆ ಕೋನ ಹೀಗೆ ಚೊಕ್ಕವಾಗಿ ಸಿಗುತ್ತದೆ. x = −2ರಂಥ ಕಡೆ ಕತ್ತರಿಸಿದರೆ ಕೋನಕ್ಕೆ ವಿಲೋಮ ಸೈನ್ ಬೇಕು, ಆಗ ಜ್ಯಾಮಿತಿಯ ದಾರಿ ಸೂತ್ರದ ದಾರಿಗಿಂತ ಸುಲಭವೇನಲ್ಲ.

ಸಮೀಕರಣ ಕೊಟ್ಟ ಲೆಕ್ಕಗಳಲ್ಲೂ ಅರ್ಧವೃತ್ತ ಅಡಗಿರುತ್ತದೆ. √(4x − x²) ಕಂಡರೆ y² = 4x − x² ಎಂದು ಬರೆದು ವರ್ಗ ಪೂರ್ಣಗೊಳಿಸಿ: (x − 2)² + y² = 4. ಕೇಂದ್ರ (2, 0), ತ್ರಿಜ್ಯ 2, ಮೂಲಚಿಹ್ನೆ ಧನವಾದ್ದರಿಂದ ಮೇಲಿನ ಅರ್ಧ. 0ಯಿಂದ 4ವರೆಗೆ 2π, 0ಯಿಂದ 2ವರೆಗೆ π. ಅದೇ ರೀತಿ 1 − √(4 − (x − 11)²) ಎಂದು ಕೊಟ್ಟರೆ ಅದು ನಿಮ್ಮ ಜೋತುಬಿದ್ದ ಅರ್ಧವೃತ್ತವೇ; ಮುಂದಿನ 1 ಆಯತವನ್ನೂ, ಮೈನಸ್ ಜೋತುಬಿದ್ದದ್ದನ್ನೂ ಹೇಳುತ್ತದೆ.

ಎಪಿ ಪರೀಕ್ಷೆಯಲ್ಲಿ ಇಂಥ ಗ್ರಾಫ್ ಕೊಟ್ಟು ನೇರವಾಗಿ ಒಂದೇ ಅನುಕಲ ಕೇಳಿ ಬಿಡುವುದು ಕಡಿಮೆ. g(x) = ∫f(t)dt, 0ಯಿಂದ xವರೆಗೆ, ಎಂದು ಹೊಸ ಫಂಕ್ಷನ್ ಕಟ್ಟಿ g(−6) ಎಷ್ಟು ಎಂದು ಕೇಳುತ್ತಾರೆ. ಇಲ್ಲಿ ಕೆಳಮಿತಿ 0, ಮೇಲ್ಮಿತಿ −6. ಅಂದರೆ ಬಲದಿಂದ ಎಡಕ್ಕೆ ಹೋಗುತ್ತಿದ್ದೇವೆ. dx ಋಣವಾಗುತ್ತದೆ, ಗ್ರಾಫ್ ಅಕ್ಷದ ಮೇಲಿದ್ದರೂ ಉತ್ತರ −9π/2. ಅರ್ಧವೃತ್ತದೊಳಗೆ ಬರೆದ + ಚಿಹ್ನೆಯನ್ನು ಮಾತ್ರ ನೋಡಿ 9π/2 ಎಂದು ಬರೆಯುವುದು ಈ ಬಗೆಯ ಪ್ರಶ್ನೆಯಲ್ಲಿ ಸಾಮಾನ್ಯ ತಪ್ಪು. ಮೊದಲು −6ರಿಂದ 0ವರೆಗಿನ ಅನುಕಲವನ್ನು ಎಡದಿಂದ ಬಲಕ್ಕೆ ಬರೆದು, ಅದರ ಮುಂದೆ ಮೈನಸ್ ಹಾಕುವ ಒಂದು ಸಾಲನ್ನು ಬಿಡದೆ ಬರೆಯುವ ಅಭ್ಯಾಸ ಮಾಡಿಸಿ.

ಕೆಲವು ಸಲ ಕೊಟ್ಟ ಗ್ರಾಫೇ f′ನದ್ದಾಗಿರುತ್ತದೆ, ಜೊತೆಗೆ f(0) = 12 ಎಂಬಂತೆ ಒಂದು ಬೆಲೆ ಇರುತ್ತದೆ. ಆಗ ಈ ವಿಸ್ತೀರ್ಣಗಳು f ಎಷ್ಟು ಬದಲಾಯಿತು ಎಂಬುದನ್ನು ಹೇಳುತ್ತವೆ, f ಎಷ್ಟು ಎಂಬುದನ್ನಲ್ಲ. ಇದೇ ಚಿತ್ರವನ್ನು f′ ಎಂದುಕೊಂಡರೆ 0ಯಿಂದ 13ವರೆಗೆ ಬದಲಾವಣೆ −4.5 − 6 − 4 + 4 − 2π = −10.5 − 2π. ಆದ್ದರಿಂದ f(13) = 12 − 10.5 − 2π = 1.5 − 2π. ಎಡಕ್ಕೆ ಹೋದರೆ f(−6) = 12 − 9π/2. 12ನ್ನು ಕೂಡಿಸಲು ಮರೆತವರೂ, ಎಡಕ್ಕೆ ಹೋಗುವಾಗ ಕಳೆಯುವ ಬದಲು ಕೂಡಿಸಿದವರೂ ಅಂಕ ಕಳೆದುಕೊಳ್ಳುತ್ತಾರೆ.

ಉತ್ತರ ಬರೆಯುವಾಗ π ಹಾಗೇ ಇರಲಿ. 3.14 ಅಥವಾ 22/7 ಹಾಕಿ ದಶಮಾಂಶಕ್ಕೆ ಇಳಿಸುವ ನಮ್ಮ ಹೈಸ್ಕೂಲಿನ ರೂಢಿ ಇಲ್ಲಿ ಬೇಡ, 22/7 ಹಾಕಿದ ಕೂಡಲೇ ಉತ್ತರ ನಿಖರವಾಗಿ ಉಳಿಯುವುದಿಲ್ಲ. ಎಪಿಯ ಬರೆಯುವ ಪ್ರಶ್ನೆಗಳಲ್ಲಿ ಸಂಖ್ಯೆಯನ್ನು ಸುಲಭರೂಪಕ್ಕೆ ತರಲೇಬೇಕೆಂಬ ಕಡ್ಡಾಯವೂ ಇಲ್ಲ. ½π(3)² − ½(3)(3) − (2)(3) − 4 + (4)(1) − ½π(2)² ಎಂದು ಬರೆದು ನಿಲ್ಲಿಸಿದರೂ ಅದು ಪೂರ್ಣ ಉತ್ತರವೇ. ಹಾಗೆ ಬಿಟ್ಟರೆ ಯಾವ ಪದ ಯಾವ ಆಕೃತಿಯದ್ದು ಎಂಬುದು ಮೌಲ್ಯಮಾಪಕರಿಗೂ ಕಾಣುತ್ತದೆ, ಕೊನೆಯ ಸಾಲಿನ ಅವಸರದ ಕೂಡು-ಕಳೆಯಲ್ಲಿ ಸರಿಯಾದ ಲೆಕ್ಕ ಕೆಡುವುದೂ ತಪ್ಪುತ್ತದೆ.